ವಿಪ್ರೋ ಸಿಇಒ ಯಾರು? ಐದು ಕಡೆ ಹುಡುಕಿ ನೋಡಿದ ಹೋಲಿಕೆ

2024ರ ಮೇ ತಿಂಗಳ ಒಂದು ಸಂಜೆ. ಕ್ಲಾಸ್ ಮುಗಿಸಿ ಬೋರ್ಡ್ ಒರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್ಸ್ ಹಿಡಿದುಕೊಂಡು ಬಂದಳು. ‘ಸರ್, ವಿಪ್ರೋ ಸಿಇಒ ಥಿಯೆರಿ ಡೆಲಾಪೋರ್ಟ್ ಅಂತ ಕೊಟ್ಟಿದ್ದೀರಿ. ಪೇಪರ್‌ನಲ್ಲಿ ಶ್ರೀನಿವಾಸ್ ಪಲ್ಲಿಯಾ ಅಂತ ಇತ್ತಲ್ವಾ?’

ಅವಳು ಹೇಳಿದ್ದೇ ಸರಿ. ನಾನು ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಿಗೆ ಪ್ರಚಲಿತ ವಿದ್ಯಮಾನ ಹೇಳಿಕೊಡುತ್ತೇನೆ. ಆ ನೋಟ್ಸ್ ಟೈಪ್ ಮಾಡಿದ್ದು ಮಾರ್ಚ್‌ನಲ್ಲಿ, ಜೆರಾಕ್ಸ್ ಮಾಡಿಸಿದ್ದು ಏಪ್ರಿಲ್ ಕೊನೆಯಲ್ಲಿ. ನಡುವೆ ಏಪ್ರಿಲ್ 6ಕ್ಕೆ ಡೆಲಾಪೋರ್ಟ್ ಹುದ್ದೆ ಬಿಟ್ಟಿದ್ದರು. ನಲವತ್ತು ಪ್ರತಿಗಳಲ್ಲಿ ಪೆನ್ನಿನಿಂದ ಹೆಸರು ಹೊಡೆದು ಬರೆಯುವಾಗ ಒಂದು ನಿರ್ಧಾರ ಮಾಡಿದೆ. ಇಂಥ ಹೆಸರನ್ನು ಎಲ್ಲಿ ನೋಡಿದರೆ ನಂಬಬಹುದು ಅಂತ ಒಂದೇ ಪ್ರಶ್ನೆ ಇಟ್ಟುಕೊಂಡು ಐದು ಕಡೆ ಹುಡುಕುವುದು. ಆಮೇಲೆ ಪ್ರತಿ ಬ್ಯಾಚಿಗೂ ಇದೇ ಕೆಲಸ ಮಾಡಿದ್ದೇನೆ.

ಮೊದಲು ಪ್ರಶ್ನೆಯನ್ನೇ ಸರಿ ಮಾಡಿಕೊಳ್ಳಬೇಕಾಯಿತು. ‘ವಿಪ್ರೋ ಮುಖ್ಯಸ್ಥ ಯಾರು’ ಅಂದರೆ ಉತ್ತರ ಒಂದಲ್ಲ. ರಿಷದ್ ಪ್ರೇಮ್‌ಜಿ 2019ರಲ್ಲಿ ಅಧ್ಯಕ್ಷರಾದರು. ಅಜೀಂ ಪ್ರೇಮ್‌ಜಿ ಸ್ಥಾಪಕ ಅಧ್ಯಕ್ಷರು. ದಿನನಿತ್ಯ ಕಂಪನಿ ನಡೆಸುವುದು ಸಿಇಒ ಮತ್ತು ವ್ಯವಸ್ಥಾಪಕ ನಿರ್ದೇಶಕರು. ಪತ್ರಿಕೆಗಳು ಮೂವರನ್ನೂ ಒಂದೊಂದು ದಿನ ‘ಮುಖ್ಯಸ್ಥ’ ಎಂದು ಬರೆಯುತ್ತವೆ. ಅದಕ್ಕೇ ಹುದ್ದೆಯ ಹೆಸರು ಹಿಡಿದೇ ಹುಡುಕಿದೆ.

ಮೊದಲನೆಯದು ಎಲ್ಲರೂ ಮಾಡುವುದೇ. ಸರ್ಚ್‌ನಲ್ಲಿ ಟೈಪ್ ಮಾಡಿ, ಮೇಲೆ ಬರುವ ಚೌಕದಲ್ಲಿನ ಫೋಟೊ ನೋಡುವುದು. ಮೂರು ಸೆಕೆಂಡಿನ ಕೆಲಸ. ಹೆಸರು ಹೆಚ್ಚಿನ ಸಲ ಸರಿಯೇ ಇರುತ್ತದೆ. ತೊಂದರೆ ಏನೆಂದರೆ ಆ ಹೆಸರು ಎಷ್ಟು ಹಳೆಯದು ಅಂತ ಚೌಕ ಹೇಳದೇ ಇರಬಹುದು. ನಿನ್ನೆ ಬದಲಾದ ಹೆಸರಿಗೂ ಐದು ವರ್ಷದಿಂದ ಇರುವ ಹೆಸರಿಗೂ ಅಕ್ಷರ ಒಂದೇ ದಪ್ಪ. ಬೇಗ ಒಂದು ಅಂದಾಜು ಬೇಕಾದರೆ ಸರಿ, ಜೆರಾಕ್ಸ್ ಮಾಡಿಸುವ ಮೊದಲು ಇದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡನೆಯದು ವಿಕಿಪೀಡಿಯ. ಇಲ್ಲಿ ನಾನು ಮಾಡುತ್ತಿದ್ದ ತಪ್ಪು ಬಹಳ ಜನ ಮಾಡುತ್ತಾರೆ. ಪುಟದ ಕೆಳಗೆ ಕೊನೆಯ ಸಂಪಾದನೆಯ ದಿನಾಂಕ ಇರುತ್ತದಲ್ಲ, ಅದು ಹೋದ ವಾರದ್ದಾಗಿದ್ದರೆ ಸಿಇಒ ಹೆಸರೂ ಹೋದ ವಾರದ್ದು ಎಂದುಕೊಳ್ಳುತ್ತಿದ್ದೆ. ಹಾಗಲ್ಲ. ಯಾರೋ ಬಂದು ಒಂದು ಅಲ್ಪವಿರಾಮ ಸರಿ ಮಾಡಿ ಹೋಗಿದ್ದರೂ ಆ ದಿನಾಂಕ ಬದಲಾಗುತ್ತದೆ. ನೋಡಬೇಕಾದ್ದು ಸಿಇಒ ಹೆಸರಿನ ಪಕ್ಕದ ಅಡಿಟಿಪ್ಪಣಿ. ಅದನ್ನು ಒತ್ತಿ, ಅಲ್ಲಿನ ಸುದ್ದಿ ಯಾವ ದಿನದ್ದು ಅಂತ ನೋಡಿ. 2020ರ ಸುದ್ದಿ ಇಟ್ಟುಕೊಂಡು ನಿಂತ ಹೆಸರು ಆ ದಿನಕ್ಕೆ ಮಾತ್ರ ಸಾಕ್ಷಿ. ಅಡಿಟಿಪ್ಪಣಿಯೇ ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗಿ. ಕನ್ನಡ ಪುಟ, ಇಂಗ್ಲಿಷ್ ಪುಟ ಬೇರೆ ಬೇರೆಯವರು ತಿದ್ದುವಂಥವು. ಒಂದರಲ್ಲಿ ಹೆಸರು ಬದಲಾಯಿತು ಅಂತ ಇನ್ನೊಂದರಲ್ಲೂ ಬದಲಾಗಿರಬೇಕೆಂದಿಲ್ಲ. ಎರಡನ್ನೂ ತೆರೆದಿಟ್ಟು ನೋಡಿ, ಹೆಸರು ಬೇರೆ ಇದ್ದರೆ ಅದೇ ಎಚ್ಚರಿಕೆಯ ಗಂಟೆ.

ಮೂರನೆಯದು ಕಂಪನಿಯದೇ ವೆಬ್‌ಸೈಟ್. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಸೆಬಿಯ ಒಂದು ನಿಯಮವಿದೆ. ವೆಬ್‌ಸೈಟಿನಲ್ಲಿ ಇಡಲೇಬೇಕಾದ ಮಾಹಿತಿ ಬದಲಾದರೆ ಎರಡು ಕೆಲಸದ ದಿನದೊಳಗೆ ಅಲ್ಲೂ ತಿದ್ದಬೇಕು. ಹಾಗಾಗಿ ನಿರ್ದೇಶಕ ಮಂಡಳಿಯ ಪುಟ ಸಾಮಾನ್ಯವಾಗಿ ತಾಜಾ. ಆದರೆ ಅದೇ ಸೈಟಿನ ಹಳೆಯ ಪತ್ರಿಕಾ ಪ್ರಕಟಣೆ, ಪಿಡಿಎಫ್ ಪರಿಚಯಪತ್ರಗಳು ಹಾಗೇ ಉಳಿದಿರುತ್ತವೆ. ಸರ್ಚ್‌ನಿಂದ ನೇರವಾಗಿ ಹೋದರೆ ಎಷ್ಟೋ ಸಲ ಅವೇ ಸಿಗುತ್ತವೆ. ಪುಟದ ಅಡಿಯಲ್ಲಿ ಹಕ್ಕುಸ್ವಾಮ್ಯದ ಜೊತೆ ಈ ವರ್ಷ ಕಾಣಿಸಿತು ಅಂತ ನಂಬಬೇಡಿ, ಅದು ತಾನಾಗಿಯೇ ಬದಲಾಗುವಂತೆ ಮಾಡಿಟ್ಟಿರುತ್ತಾರೆ.

ವಾರ್ಷಿಕ ವರದಿ ನೋಡಿ ಬರೆದೆ ಎನ್ನುವ ಸ್ನೇಹಿತರೂ ಇದ್ದಾರೆ. ವಿಪ್ರೋ ವಿಷಯದಲ್ಲೇ ಇದು ಹೇಗೆ ಕಾಲು ಹಿಡಿದು ಎಳೆಯುತ್ತದೆ ನೋಡಿ. 2023–24ರ ವರದಿ ಎಂದರೆ 2024ರ ಮಾರ್ಚ್ 31ಕ್ಕೆ ಮುಗಿದ ವರ್ಷದ್ದು. ಆ ಇಡೀ ವರ್ಷ ಸಿಇಒ ಆಗಿದ್ದವರು ಡೆಲಾಪೋರ್ಟ್. ವರ್ಷ ಮುಗಿದು ಒಂದು ವಾರಕ್ಕೆ ಪಲ್ಲಿಯಾ ಬಂದರು. ವರದಿ ತಯಾರಾಗುವುದು ಅದಾದ ಮೇಲೆ. ಮುಖಪುಟದ ವರ್ಷ ನೋಡಿ ಹೆಸರು ಬರೆದರೆ ಒಂದು ಕಡೆ ಎಡವುವುದು ಖಂಡಿತ. ಒಳಗೆ ಸಹಿ ಮಾಡಿದ ದಿನಾಂಕ ನೋಡಬೇಕು, ಅದಾದ ಮೇಲಿನದಕ್ಕೆ ವರದಿ ಜವಾಬ್ದಾರಿಯಲ್ಲ.

ಈಗ ನಾಲ್ಕನೆಯದು, ನನಗೆ ಜಾಸ್ತಿ ಇಷ್ಟವಾದದ್ದು. ಬಿಎಸ್‌ಇ ಮತ್ತು ಎನ್‌ಎಸ್‌ಇ ಸೈಟಿನಲ್ಲಿ ಕಂಪನಿಗಳು ಸಲ್ಲಿಸುವ ಪ್ರಕಟಣೆಗಳು. ಷೇರು ಕೊಳ್ಳುವವರಿಗೆ ಮಾತ್ರ ಅಂದುಕೊಂಡು ನಾನು ಅತ್ತ ತಲೆಹಾಕಿರಲೇ ಇಲ್ಲ. ಲಾಗಿನ್ ಏನೂ ಬೇಡ. ಸಿಇಒ, ಎಂಡಿ ಬದಲಾದರೆ ಕಂಪನಿ ಇಲ್ಲಿ ತಿಳಿಸಲೇಬೇಕು. ಹೊಸ ನೇಮಕವಾದರೆ 12 ಗಂಟೆಯೊಳಗೆ, ರಾಜೀನಾಮೆಯಾದರೆ 24 ಗಂಟೆಯೊಳಗೆ. ಮಂಡಳಿಯ ಸಭೆಯಲ್ಲಿ ತೀರ್ಮಾನವಾದದ್ದಾದರೆ ಇನ್ನೂ ಬೇಗ. ಅದಕ್ಕೇ ಹೆಸರು ಇಲ್ಲಿ ಬದಲಾದ ಮೇಲೆ ಉಳಿದ ಕಡೆ ಬದಲಾಗುವುದು.

ಹುಡುಕುವುದು ಹೀಗೆ. ಬಿಎಸ್‌ಇ ಸೈಟಿನಲ್ಲಿ Corporate Announcements ಪುಟಕ್ಕೆ ಹೋಗಿ ಕಂಪನಿ ಹೆಸರು ಹಾಕಬೇಕು. ವಿಪ್ರೋಗೆ ಅಲ್ಲಿನ ಕೋಡ್ 507685, ಎನ್‌ಎಸ್‌ಇಯಲ್ಲಿ WIPRO. ಮೊದಲ ಸಲ ನನಗೆ ಏನೂ ಸಿಗಲಿಲ್ಲ. ‘ಓಹೋ, ಬದಲಾವಣೆಯೇ ಆಗಿಲ್ಲ’ ಎಂದುಕೊಂಡೆ. ಆಮೇಲೆ ನೋಡಿದರೆ ದಿನಾಂಕದ ಜಾಗದಲ್ಲಿ ಇವತ್ತಿನದು ಮಾತ್ರ ಇತ್ತು! ಹಿಂದಿನ ದಿನಾಂಕದಿಂದ ಇವತ್ತಿನವರೆಗೆ ಅಂತ ಕೊಟ್ಟ ಮೇಲೆ ಸಾಲು ಸಾಲಾಗಿ ಬಂದವು.

2024ರ ಏಪ್ರಿಲ್ 6, ಶನಿವಾರ. ಆ ದಿನದ ಸುದ್ದಿ ಓದುವಾಗ ಮೂರು ದಿನಾಂಕಗಳನ್ನು ಬೇರೆ ಬೇರೆ ಬರೆದುಕೊಳ್ಳಬೇಕು. ಡೆಲಾಪೋರ್ಟ್ ಸಿಇಒ, ಎಂಡಿ ಹುದ್ದೆ ಬಿಟ್ಟದ್ದು ಏಪ್ರಿಲ್ 6. ಪಲ್ಲಿಯಾ ಹುದ್ದೆಗೆ ಬಂದದ್ದು ಏಪ್ರಿಲ್ 7, ಐದು ವರ್ಷದ ಅವಧಿಗೆ. ಡೆಲಾಪೋರ್ಟ್ ಕಂಪನಿ ಕೆಲಸದಿಂದಲೇ ಬಿಡುಗಡೆಯಾಗುವುದು ಮೇ 31. ಈ ಮೂರನೆಯ ದಿನಾಂಕವೇ ಗೊಂದಲ ಹುಟ್ಟಿಸುತ್ತದೆ. ‘ಮೇ ಕೊನೆವರೆಗೂ ಅವರೇ ಸಿಇಒ’ ಎಂದು ನನ್ನ ಸಹೋದ್ಯೋಗಿಯೊಬ್ಬರು ಹಟ ಹಿಡಿದರು. ಇಲ್ಲ, ಮೇ ತಿಂಗಳಲ್ಲಿ ಅವರು ನೌಕರರು, ಸಿಇಒ ಅಲ್ಲ.

ಇದರ ತಿರುಗುಮುರುಗು ಟಿಸಿಎಸ್‌ನಲ್ಲಾಯಿತು. 2023ರ ಮಾರ್ಚ್ 16ಕ್ಕೆ ರಾಜೇಶ್ ಗೋಪಿನಾಥನ್ ರಾಜೀನಾಮೆಯ ಸುದ್ದಿ ಬಂತು. ಅದೇ ದಿನ ಕೆ. ಕೃತಿವಾಸನ್ ಹೆಸರೂ ಬಂತು. ಆದರೆ ಅವರ ಹೆಸರಿನ ಜೊತೆ ‘ಡೆಸಿಗ್ನೇಟ್’ ಎಂಬ ಪದವಿತ್ತು. ಎಂದರೆ ಗೊತ್ತುಮಾಡಲಾಗಿದೆ, ಇನ್ನೂ ಕುರ್ಚಿಯಲ್ಲಿ ಕೂತಿಲ್ಲ. ಅವರು ಸಿಇಒ ಆದದ್ದು ಜೂನ್ 1ಕ್ಕೆ. ಮಾರ್ಚ್‌ನಲ್ಲೇ ಹೆಸರು ಬದಲಿಸಿದವರು ಎರಡೂವರೆ ತಿಂಗಳು ಮುಂದೆ ಓಡಿದ್ದರು. ಹಳೆಯದಾಗುವುದಷ್ಟೇ ಅಲ್ಲ, ಮಾಹಿತಿ ಅವಸರದ್ದೂ ಆಗಬಹುದು.

‘ಮಧ್ಯಂತರ’ ಎಂಬ ಪದ ಕಂಡರೂ ಅಲ್ಲೇ ನಿಲ್ಲುತ್ತೇನೆ. ಇನ್ಫೋಸಿಸ್‌ನಲ್ಲಿ 2017ರ ಆಗಸ್ಟ್ 18ಕ್ಕೆ ವಿಶಾಲ್ ಸಿಕ್ಕಾ ಬಿಟ್ಟಾಗ ಪ್ರವೀಣ್ ರಾವ್ ಮಧ್ಯಂತರ ಸಿಇಒ ಆದರು. 2018ರ ಜನವರಿ 2ಕ್ಕೆ ಸಲೀಲ್ ಪರೇಖ್ ಬಂದರು. ನಡುವೆ ನಾಲ್ಕೂವರೆ ತಿಂಗಳು. ಈಗಿನ ಸೆಬಿ ನಿಯಮದಂತೆ ಖಾಲಿಯಾದ ಸಿಇಒ ಹುದ್ದೆಯನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತುಂಬಬೇಕು. ಹಾಗಾಗಿ ಲಿಸ್ಟ್ ಆದ ಕಂಪನಿಯೊಂದರ ‘ಮಧ್ಯಂತರ ಸಿಇಒ’ ಹೆಸರು ವರ್ಷ ಹಳೆಯ ಪುಟದಲ್ಲಿದ್ದರೆ ಅದನ್ನು ನಂಬುವ ಮಾತೇ ಇಲ್ಲ.

ಈ ದಾರಿಯ ಕೊರತೆ ಒಂದೇ. ಪ್ರಕಟಣೆಗಳು ಬದಲಾವಣೆಯನ್ನು ಹೇಳುತ್ತವೆ, ಇವತ್ತಿನ ಸ್ಥಿತಿಯನ್ನು ಹೇಳುವುದಿಲ್ಲ. ನೇಮಕದ ಪತ್ರ ಸಿಕ್ಕಿತು ಅಂತ ನಿಲ್ಲಿಸುವಂತಿಲ್ಲ. ಆ ದಿನದಿಂದ ಇವತ್ತಿನವರೆಗೆ ಇನ್ನೊಂದು ಬದಲಾವಣೆ ಬಂದಿದೆಯಾ ಅಂತ ಪೂರ್ತಿ ನೋಡಬೇಕು. ಹತ್ತು ನಿಮಿಷ ಹಿಡಿಯುತ್ತದೆ.

ಐದನೆಯದು ಕೇಂದ್ರ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಎಂಸಿಎ ಸೈಟು. ಕಂಪನಿಯ ನಿರ್ದೇಶಕರ ಹೆಸರು, ಅವರು ಸೇರಿದ ದಿನ ಅಲ್ಲಿ ಸಿಗುತ್ತದೆ. ಇದು ಸರ್ಕಾರಿ ದಾಖಲೆ, ಹಾಗಾಗಿ ಇದೇ ಎಲ್ಲಕ್ಕಿಂತ ತಾಜಾ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ನಿರ್ದೇಶಕರು ಬದಲಾದರೆ ಡಿಐಆರ್-12 ಅರ್ಜಿ ಸಲ್ಲಿಸಲು 30 ದಿನ ಸಮಯವಿದೆ. ಷೇರುಪೇಟೆಯಲ್ಲಿ ಒಂದೇ ದಿನದಲ್ಲಿ ಬರುವ ಹೆಸರು ಇಲ್ಲಿ ತಿಂಗಳು ತಡವಾಗಿ ಬಂದರೂ ಯಾರದೂ ತಪ್ಪಲ್ಲ.

ಇಲ್ಲಿ ಇನ್ನೊಂದು ಗುಂಡಿಗೂ ಬಿದ್ದೆ. ವಿಪ್ರೋ ಎಂದು ಹುಡುಕಿದರೆ ಒಂದಕ್ಕಿಂತ ಹೆಚ್ಚು ಕಂಪನಿ ಬರುತ್ತವೆ. ಸಂತೂರ್ ಸೋಪು ಮಾಡುವ ವ್ಯಾಪಾರ 2013ರಲ್ಲೇ ಬೇರೆಯಾಗಿ ವಿಪ್ರೋ ಎಂಟರ್‌ಪ್ರೈಸಸ್‌ಗೆ ಹೋಯಿತು, ಅದರ ಆಡಳಿತವೇ ಬೇರೆ. ನಮಗೆ ಬೇಕಾದ ವಿಪ್ರೋ ಯಾವುದು ಅಂತ ತಿಳಿಯುವುದು ಸಿಐಎನ್ ಸಂಖ್ಯೆಯಿಂದ: L32102KA1945PLC020800. ಮೊದಲ ಅಕ್ಷರ L ಇದ್ದರೆ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ, U ಇದ್ದರೆ ಅಲ್ಲ. KA ಎಂದರೆ ಕರ್ನಾಟಕ, 1945 ಹುಟ್ಟಿದ ವರ್ಷ. ಕಂಪನಿಯ ಲೆಟರ್‌ಹೆಡ್ಡಿನಲ್ಲೂ ಈ ಸಂಖ್ಯೆ ಇರುತ್ತದೆ, ಎರಡನ್ನೂ ತಾಳೆ ನೋಡಿದರೆ ಸಾಕು.

ಹಾಗಾದರೆ ಎಂಸಿಎ ಬೇಡವಾ? ಬೇಕು. U ಅಕ್ಷರದ ಕಂಪನಿಗಳಿಗೆ ಸಾಮಾನ್ಯವಾಗಿ ಬಿಎಸ್‌ಇ ದಾರಿಯೇ ಇರುವುದಿಲ್ಲ. ಪರಿಚಯದವರೊಬ್ಬರು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಎಂಡಿಗೆ ದೂರಿನ ಪತ್ರ ಬರೆಯುವಾಗ ನನ್ನನ್ನು ಕೇಳಿದರು. ಅದರ ವೆಬ್‌ಸೈಟಿನಲ್ಲಿದ್ದವರು ಬಿಟ್ಟು ಹೋಗಿ ಒಂದು ವರ್ಷವಾಗಿತ್ತು ಅಂತ ಗೊತ್ತಾದದ್ದು ಎಂಸಿಎಯಿಂದಲೇ. ಅಂಥ ಕಡೆ ಒಂದು ತಿಂಗಳ ತಡ ದೊಡ್ಡದೇನಲ್ಲ.

ಅಂತೂ ನನ್ನ ಕ್ರಮ ಈಗ ಹೀಗಿದೆ. ಲಿಸ್ಟ್ ಆದ ಕಂಪನಿಯಾದರೆ ಮೊದಲು ವೆಬ್‌ಸೈಟಿನ ಮಂಡಳಿ ಪುಟ, ಆಮೇಲೆ ಷೇರುಪೇಟೆಯ ಪ್ರಕಟಣೆ. ಎರಡೂ ಹೊಂದಿದರೆ ಮುಗಿಯಿತು. ಹೊಂದದಿದ್ದರೆ ಪ್ರಕಟಣೆಯ ಪತ್ರವೇ ಗೆಲ್ಲುತ್ತದೆ. ವಿಕಿಪೀಡಿಯಕ್ಕೆ ಹೋಗುವುದು ಹಿಂದಿನವರು ಯಾರು, ಯಾವಾಗಿನಿಂದ ಯಾವಾಗಿನವರೆಗೆ ಎಂಬುದಕ್ಕೆ ಮಾತ್ರ.

ನೋಟ್ಸ್‌ನಲ್ಲಿ ಬರೆಯುವ ರೀತಿಯೂ ಬದಲಾಯಿತು. ಮೊದಲು ‘ವಿಪ್ರೋ ಸಿಇಒ: ಡೆಲಾಪೋರ್ಟ್’ ಎಂದಷ್ಟೇ ಇರುತ್ತಿತ್ತು. ಆ ಹುಡುಗಿ ಕೇಳಿದ ಮೇಲೆ ತಿದ್ದಿದ ಸಾಲು ಹೀಗಿತ್ತು: ‘ಶ್ರೀನಿವಾಸ್ ಪಲ್ಲಿಯಾ, ಸಿಇಒ ಮತ್ತು ಎಂಡಿ, 2024ರ ಏಪ್ರಿಲ್ 7ರಿಂದ, ಅವಧಿ 2029ರ ಏಪ್ರಿಲ್ 6ರವರೆಗೆ’. ಪಕ್ಕದಲ್ಲಿ ಚಿಕ್ಕದಾಗಿ ನಾನು ನೋಡಿದ ದಿನಾಂಕ. ಅವಧಿ ಮುಗಿಯುವ ಮೊದಲೇ ಜನ ಬಿಟ್ಟು ಹೋಗುತ್ತಾರೆ, ಡೆಲಾಪೋರ್ಟ್ ಕೂಡ 2020ರ ಜುಲೈನಲ್ಲಿ ಬಂದು ಐದು ವರ್ಷ ತುಂಬುವ ಮೊದಲೇ ಹೊರಟರು. ಆದರೂ ನೋಡಿದ ದಿನಾಂಕ ಹಾಕಿದ್ದರಿಂದ ಒಂದು ಅನುಕೂಲವಾಗಿದೆ. ಈಗ ಮಕ್ಕಳು ‘ಸರ್, ಇದು ತಪ್ಪು’ ಅನ್ನುವುದಿಲ್ಲ, ‘ಸರ್, ಇದು ನೋಡಿ ನಾಲ್ಕು ತಿಂಗಳಾಯ್ತು’ ಅನ್ನುತ್ತಾರೆ.