ಐದು ವರ್ಷ ಹಡೂಪ್ ಮ್ಯಾಪ್‌ರಿಡ್ಯೂಸ್‌ನಲ್ಲಿ ಕನ್ನಡ ಪದಗಳನ್ನು ಎಣಿಸಿದ ಮೇಲೆ

ಬಳಸಿದ ಅವಧಿ: ಐದು ವರ್ಷ. ಕೆಲಸ: ಕನ್ನಡ ಪಠ್ಯಸಂಗ್ರಹದ ಪದಗಳ ಎಣಿಕೆ. ನನ್ನ ಅಂಕ: 5ಕ್ಕೆ 4.

ನಮ್ಮಲ್ಲಿರುವ ಕನ್ನಡ ಪಠ್ಯ ಸುಮಾರು 30 ಜಿಬಿ. ಪ್ರತಿಯೊಂದು ಪದವೂ ಅದರಲ್ಲಿ ಎಷ್ಟು ಬಾರಿ ಬಂದಿದೆ ಎಂಬ ಪಟ್ಟಿ ಪದಕೋಶದ ಕೆಲಸಕ್ಕೆ ಬೇಕಾಗಿತ್ತು. ಕನ್ನಡದಲ್ಲಿ ವಿಭಕ್ತಿ, ಕಾಲ, ಸಂಧಿಗಳಿಂದ ಒಂದೇ ಪದ ನೂರಾರು ರೂಪ ತಾಳುವುದರಿಂದ, ಬೇರೆಬೇರೆ ಪದರೂಪಗಳ ಪಟ್ಟಿಯೇ ಒಂದು ಯಂತ್ರದ ಮೆಮೊರಿಯನ್ನು ತುಂಬಿಬಿಡುತ್ತಿತ್ತು. ಎಂಟು ಹಳೆಯ ಕಂಪ್ಯೂಟರ್‌ಗಳನ್ನು ಜೋಡಿಸಿ, ಒಂದು ದೊಡ್ಡ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡಿಸುವ ಹಡೂಪ್ ತಂತ್ರಾಂಶವನ್ನು ಹಾಕಿಕೊಂಡದ್ದು ಈ ಕಾರಣಕ್ಕೆ. ಇದರ ಮೂಲದಲ್ಲಿರುವ ಮ್ಯಾಪ್‌ರಿಡ್ಯೂಸ್ ವಿಧಾನವನ್ನು ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ 2004ರ ಪ್ರಬಂಧದಲ್ಲಿ ವಿವರಿಸಿದ್ದರು. ಅವರು ಅಲ್ಲಿ ಕೊಟ್ಟ ಮೊದಲ ಉದಾಹರಣೆಯೂ ಪದಗಳ ಎಣಿಕೆಯೇ.

ಬಳಸುವವರು ಬರೆಯಬೇಕಾದದ್ದು ಎರಡೇ ಚಿಕ್ಕ ಭಾಗಗಳು: ಪದಗಳನ್ನು ಹೆಕ್ಕುವ ಮ್ಯಾಪ್ ಮತ್ತು ಎಣಿಕೆಗಳನ್ನು ಕೂಡುವ ರಿಡ್ಯೂಸ್. ಮ್ಯಾಪ್ ಭಾಗವು ಸಾಲುಗಳನ್ನು ಓದಿ, ಕಂಡ ಪ್ರತಿಯೊಂದು ಪದಕ್ಕೂ ‘ಈ ಪದ, 1’ ಎಂಬ ಜೋಡಿಯನ್ನು ಹೊರಹಾಕುತ್ತದೆ. ಪೈಥಾನ್‌ನಲ್ಲಿ ನಮ್ಮದು ಹೀಗಿದೆ:

```
import sys
for line in sys.stdin:
    for w in line.split():
        print(w + "\t1")
```

ಇಲ್ಲಿ `split()` ಬದಲು `\w+` ಎಂಬ ಮಾದರಿಯನ್ನು ಬಳಸಬಾರದು. ಪೈಥಾನ್‌ನ `re` ಕನ್ನಡದ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯನ್ನೂ ಅಕ್ಷರವೆಂದು ಪರಿಗಣಿಸುವುದಿಲ್ಲವಾದ್ದರಿಂದ ‘ಕನ್ನಡ’ ಎಂಬ ಪದ ‘ಕನ’ ಮತ್ತು ‘ನಡ’ ಎಂದು ಎರಡು ತುಂಡಾಗಿ ಎಣಿಕೆಗೆ ಸೇರುತ್ತದೆ. ಪದಗಳಿಗೆ ಅಂಟಿದ ಪೂರ್ಣವಿರಾಮ, ಉದ್ಧರಣ ಚಿಹ್ನೆ ಮುಂತಾದವನ್ನು ನಾವು ಮೊದಲೇ ತೆಗೆದಿರುತ್ತೇವೆ.

ಇನ್ನು ನಡೆಯುವ ಕ್ರಮವನ್ನು ಮೂರು ಸಾಲುಗಳಲ್ಲಿ ನೋಡಬಹುದು. ಮೊದಲ ಯಂತ್ರದಲ್ಲಿ ‘ಮಳೆ ಬಂತು ಮಳೆ’, ಎರಡನೆಯದರಲ್ಲಿ ‘ಕೆರೆ ತುಂಬಿತು ಮಳೆ ನಿಂತಿತು’, ಮೂರನೆಯದರಲ್ಲಿ ‘ಮತ್ತೆ ಮಳೆ ಬಂತು’ ಎಂಬ ಸಾಲುಗಳಿವೆ ಎಂದುಕೊಳ್ಳೋಣ. ಮೂರೂ ಯಂತ್ರಗಳು ಒಂದನ್ನೊಂದು ಕೇಳದೆ, ಏಕಕಾಲದಲ್ಲಿ, ಒಟ್ಟು 10 ಜೋಡಿಗಳನ್ನು ಹೊರಹಾಕುತ್ತವೆ. ಆಮೇಲಿನದು ಶಫಲ್ ಹಂತ. ಪ್ರತಿಯೊಂದು ಪದದಿಂದಲೂ ಲೆಕ್ಕಹಾಕಿದ ಒಂದು ಸಂಖ್ಯೆಯನ್ನು ರಿಡ್ಯೂಸ್ ಕೆಲಸಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷದ ಪ್ರಕಾರ ಆ ಪದ ಯಾವ ರಿಡ್ಯೂಸ್ ಕೆಲಸಕ್ಕೆ ಹೋಗಬೇಕೆಂದು ನಿರ್ಧರಿಸಲಾಗುತ್ತದೆ. ಒಂದೇ ಪದಕ್ಕೆ ಶೇಷವೂ ಒಂದೇ ಆಗಿರುವುದರಿಂದ, ಯಾವ ಯಂತ್ರದಲ್ಲಿ ಹುಟ್ಟಿದರೂ ನಾಲ್ಕು ‘ಮಳೆ’ಗಳೂ ಒಂದೇ ಕಡೆ, ಅಕ್ಕಪಕ್ಕದಲ್ಲಿ ವಿಂಗಡಣೆಯಾಗಿ ಬಂದು ಸೇರುತ್ತವೆ. ರಿಡ್ಯೂಸ್ ಭಾಗ ಅವುಗಳನ್ನು ಕೂಡಿ ‘ಮಳೆ, 4’ ಎಂದು ಬರೆಯುತ್ತದೆ. ಇಡೀ ವಿಧಾನದ ಭಾರ ಇರುವುದು ಈ ನಡುವಿನ ಸಾಗಣೆಯಲ್ಲಿ. ನಮ್ಮ ಎಂಟು ಯಂತ್ರಗಳಲ್ಲಿ ಹೆಚ್ಚು ಸಮಯ ಹಿಡಿದದ್ದೂ ಅದೇ.

ದೊಡ್ಡ ಕಡತವನ್ನು ಹಡೂಪ್ ತನ್ನಷ್ಟಕ್ಕೆ 128 ಎಂಬಿಯ ಬ್ಲಾಕ್‌ಗಳಾಗಿ ಕತ್ತರಿಸಿ, ಪ್ರತಿಯೊಂದರ ಮೂರು ಪ್ರತಿಗಳನ್ನು ಬೇರೆಬೇರೆ ಯಂತ್ರಗಳಲ್ಲಿ ಇಡುತ್ತದೆ. ನಮ್ಮ 30 ಜಿಬಿಗೆ ಸುಮಾರು 240 ಬ್ಲಾಕ್‌ಗಳು, ಆದ್ದರಿಂದ ಸುಮಾರು 240 ಮ್ಯಾಪ್ ಕೆಲಸಗಳು. ಕನ್ನಡದ ಒಂದೊಂದು ಅಕ್ಷರಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿರುವುದರಿಂದ ಕತ್ತರಿ ಅಕ್ಷರದ ಹೊಟ್ಟೆಯಲ್ಲೇ ಬೀಳಬಹುದೆಂದು ಮೊದಲು ನನಗೆ ಆತಂಕವಿತ್ತು. ಬೀಳುವುದೂ ನಿಜ. ಆದರೆ ಮೊದಲನೆಯದನ್ನು ಬಿಟ್ಟು ಪ್ರತಿಯೊಂದು ಮ್ಯಾಪ್ ಕೆಲಸವೂ ತನ್ನ ತುಂಡಿನ ಆರಂಭದ ಅರೆಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ಕೊನೆಯ ಸಾಲು ಮುಗಿಯುವವರೆಗೆ ಮುಂದಿನ ಬ್ಲಾಕ್‌ನೊಳಕ್ಕೂ ಓದುತ್ತದೆ. ಹಾಗಾಗಿ ಯಾವ ಸಾಲೂ ಕಳೆದುಹೋಗುವುದಿಲ್ಲ, ಎರಡು ಸಲ ಎಣಿಕೆಯಾಗುವುದೂ ಇಲ್ಲ.

ನಾನು ಮಾಡಿದ ಅತಿ ದೊಡ್ಡ ತಪ್ಪನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಕೆಲಸ ಯಶಸ್ವಿಯಾಯಿತೆಂದು ಪರದೆ ತೋರಿಸುತ್ತಿರುವಾಗಲೇ ಉತ್ತರ ತಪ್ಪಾಗಿತ್ತು. ಸಾಗಣೆಯ ಭಾರ ಇಳಿಸಲು ಕಂಬೈನರ್ ಎಂಬ ಸೌಲಭ್ಯವಿದೆ. ಮ್ಯಾಪ್ ನಡೆದ ಯಂತ್ರದಲ್ಲೇ ಅಲ್ಲಿನ ಜೋಡಿಗಳನ್ನು ಕೂಡಿ, ಮೊದಲ ಯಂತ್ರದಿಂದ ಎರಡು ಬಾರಿ ‘ಮಳೆ, 1’ ಕಳುಹಿಸುವ ಬದಲು ಒಂದೇ ಬಾರಿ ‘ಮಳೆ, 2’ ಎಂದು ಕಳುಹಿಸುವುದು ಅದರ ಕೆಲಸ. ಸಾಮಾನ್ಯವಾಗಿ ರಿಡ್ಯೂಸ್ ಭಾಗವನ್ನೇ ಕಂಬೈನರ್ ಆಗಿಯೂ ಬಳಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಆದರೆ ನನ್ನ ರಿಡ್ಯೂಸ್‌ನಲ್ಲಿ, ಹೇಗಿದ್ದರೂ ಎಲ್ಲ ಜೋಡಿಗಳಲ್ಲೂ 1 ಎಂದೇ ಇರುತ್ತದಲ್ಲ ಎಂದುಕೊಂಡು, ಬಂದ ಬೆಲೆಯನ್ನು ಕೂಡುವ `total += int(n)` ಬದಲು `total += 1` ಎಂದು ಬರೆದಿದ್ದೆ. ಕಂಬೈನರ್ ಇಲ್ಲದಿದ್ದಾಗ ಎರಡೂ ಒಂದೇ ಉತ್ತರ ಕೊಡುತ್ತವೆ, ಚಿಕ್ಕ ಕಡತದ ಮೇಲೆ ನಾನು ಪರೀಕ್ಷಿಸಿದ್ದೂ ಕಂಬೈನರ್ ಇಲ್ಲದೆಯೇ. ಕಂಬೈನರ್ ಸೇರಿಸಿದ ಮೇಲೆ ಮೇಲಿನ ಉದಾಹರಣೆಯಲ್ಲಿ ರಿಡ್ಯೂಸ್‌ಗೆ ಬರುವುದು ‘ಮಳೆ, 2’, ‘ಮಳೆ, 1’, ‘ಮಳೆ, 1’ ಎಂಬ ಮೂರು ಜೋಡಿಗಳು. ನನ್ನ ಕೋಡ್ ಅವನ್ನು 3 ಎಂದು ಎಣಿಸಿತು.

ಇದು ಗೊತ್ತಾದದ್ದು ಪಟ್ಟಿಯ ತುದಿಯನ್ನು ನೋಡಿದಾಗ. ಲಕ್ಷಗಟ್ಟಲೆ ಬಾರಿ ಬರಬೇಕಾಗಿದ್ದ ‘ಮತ್ತು’, ‘ಈ’, ‘ಒಂದು’ ಮುಂತಾದ ಪದಗಳೆಲ್ಲ ಕೆಲವೇ ನೂರರಲ್ಲಿ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತಿದ್ದವು, ಅಪರೂಪದ ಪದಗಳ ಎಣಿಕೆ ಮಾತ್ರ ಸರಿಯಾಗಿತ್ತು. ಅಂದರೆ ಪದ ಎಷ್ಟು ಬಾರಿ ಬಂದಿದೆ ಎಂಬುದರ ಬದಲು, ಎಷ್ಟು ಕಡೆಯಿಂದ ಬಂದಿದೆ ಎಂಬುದನ್ನು ನಾನು ಎಣಿಸಿದ್ದೆ. ಕಂಬೈನರ್ ಒಮ್ಮೆಯೂ ನಡೆಯದಿರಬಹುದು, ಹಲವು ಬಾರಿಯೂ ನಡೆಯಬಹುದು. ಆ ಬಗ್ಗೆ ಹಡೂಪ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಷ್ಟು ಬಾರಿ, ಯಾವ ಗುಂಪಿನಲ್ಲಿ ಕೂಡಿದರೂ ಬದಲಾಗದ ಲೆಕ್ಕವನ್ನು ಮಾತ್ರ ಅದರ ಕೈಗೆ ಕೊಡಬೇಕು. ಮೊತ್ತಕ್ಕೆ ಅದು ಸರಿಹೊಂದುತ್ತದೆ, ಸರಾಸರಿಗೆ ಹೊಂದುವುದಿಲ್ಲ. ಅಂದಿನಿಂದ ಪ್ರತಿ ಸಲವೂ ಅಂತಿಮ ಪಟ್ಟಿಯ ಎಲ್ಲ ಎಣಿಕೆಗಳನ್ನು ಕೂಡಿ, ಕೆಲಸದ ಕೊನೆಯಲ್ಲಿ ಮೂಡುವ `Map output records` ಎಂಬ ಅಂಕಿಯೊಡನೆ ಹೋಲಿಸುತ್ತೇನೆ. ಉದಾಹರಣೆಯಲ್ಲಿ ಆ ಅಂಕಿ 10 ಇರುತ್ತಿತ್ತು, ನನ್ನ ತಪ್ಪು ಪಟ್ಟಿಯ ಮೊತ್ತ 9 ಬರುತ್ತಿತ್ತು.

ಯಂತ್ರ ಕೆಟ್ಟಾಗ ಹಡೂಪ್ ನಡೆದುಕೊಳ್ಳುವ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ. ಕೆಲಸದ ನಡುವೆ ಒಂದು ಕಂಪ್ಯೂಟರ್ ನಿಂತುಹೋದರೆ, ಅದರಲ್ಲಿ ಮುಗಿದಿದ್ದ ಮ್ಯಾಪ್ ಕೆಲಸಗಳು ಕೂಡ ಬೇರೆ ಕಡೆ ಮತ್ತೆ ನಡೆಯುತ್ತವೆ. ಮೊದಲ ಬಾರಿ ಕಂಡಾಗ ಇದು ವ್ಯರ್ಥವೆನಿಸಿತ್ತು. ಆದರೆ ಮ್ಯಾಪ್‌ನ ಫಲಿತಾಂಶ ಆ ಯಂತ್ರದ ಸ್ವಂತ ಡಿಸ್ಕ್‌ನಲ್ಲಿ ಮಾತ್ರ ಇರುತ್ತದೆ, ಅದಕ್ಕೆ ಪ್ರತಿಗಳಿಲ್ಲ. ಗೂಗಲ್‌ನ ಪ್ರಬಂಧದಲ್ಲಿ, ಸುಮಾರು ಒಂದು ಟೆರಾಬೈಟ್ ದತ್ತಾಂಶವನ್ನು ವಿಂಗಡಿಸುತ್ತಿದ್ದಾಗ 1746 ಕೆಲಸಗಾರ ಪ್ರಕ್ರಿಯೆಗಳಲ್ಲಿ 200ನ್ನು ಬೇಕೆಂದೇ ಕೊಂದರೂ ಒಟ್ಟು ಸಮಯ ಶೇಕಡಾ 5ರಷ್ಟು ಮಾತ್ರ ಹೆಚ್ಚಾಯಿತು. ಅದೇ ವಿಂಗಡಣೆಯ ಇನ್ನೊಂದು ಓಟದಲ್ಲಿ, ಹಿಂದುಳಿದ ಕೆಲಸಗಳನ್ನು ಇನ್ನೊಂದು ಯಂತ್ರದಲ್ಲೂ ಶುರುಮಾಡುವ ಏರ್ಪಾಡನ್ನು ತೆಗೆದುಹಾಕಿದಾಗ ಸಮಯ ಶೇಕಡಾ 44ರಷ್ಟು ಹೆಚ್ಚಾಯಿತು. ಸತ್ತ ಯಂತ್ರಕ್ಕಿಂತ ತೆವಳುವ ಯಂತ್ರವೇ ಹೆಚ್ಚು ಕಾಯಿಸುತ್ತದೆ ಎಂಬುದು ನಮ್ಮ ಹಳೆಯ ಡಿಸ್ಕ್‌ಗಳಿಂದ ನನಗೂ ಚೆನ್ನಾಗಿ ಗೊತ್ತಾಗಿದೆ.

ಒಂದು ಅಂಕವನ್ನು ಕಡಿಮೆ ಮಾಡಿರುವುದು ಚಿಕ್ಕ ಕಡತಗಳ ವಿಷಯಕ್ಕೆ. ಆರಂಭದಲ್ಲಿ ಒಂದೊಂದು ಲೇಖನವನ್ನೂ ಒಂದೊಂದು ಕಡತವಾಗಿ ಇಟ್ಟಿದ್ದೆವು. ಪ್ರತಿಯೊಂದು ಕಡತಕ್ಕೂ ಕನಿಷ್ಠ ಒಂದು ಮ್ಯಾಪ್ ಕೆಲಸ ಹುಟ್ಟುವುದರಿಂದ, ಎಣಿಸುವುದಕ್ಕಿಂತ ಕೆಲಸಗಳನ್ನು ಶುರುಮಾಡಿ ಮುಗಿಸುವುದರಲ್ಲೇ ಇಡೀ ರಾತ್ರಿ ಕಳೆಯಿತು. ಲೇಖನಗಳನ್ನೆಲ್ಲ ಸೇರಿಸಿ ಕೆಲವೇ ದೊಡ್ಡ ಕಡತಗಳನ್ನು ಮಾಡಿದ ಮೇಲೆ ಅದು ಸರಿಹೋಯಿತು. ಒಂದೆರಡು ಜಿಬಿ ಪಠ್ಯ ಮಾತ್ರ ಇರುವವರು ಇದನ್ನು ಹಾಕಿಕೊಳ್ಳುವುದು ಬೇಡ; ಲಿನಕ್ಸ್‌ನ `sort` ಮತ್ತು `uniq -c` ಆದೇಶಗಳು ಅಷ್ಟನ್ನು ಒಂದೇ ಯಂತ್ರದಲ್ಲಿ ಎಣಿಸಿ ಕೊಡುತ್ತವೆ. ಒಂದೇ ದತ್ತಾಂಶದ ಮೇಲೆ ಮತ್ತೆಮತ್ತೆ ಸುತ್ತು ಹಾಕುವ ಲೆಕ್ಕ ಇರುವವರು ಸ್ಪಾರ್ಕ್ ಎಂಬ ಇನ್ನೊಂದು ತಂತ್ರಾಂಶವನ್ನು ನೋಡುವುದು ಒಳ್ಳೆಯದು, ಏಕೆಂದರೆ ಹಡೂಪ್ ಮ್ಯಾಪ್‌ರಿಡ್ಯೂಸ್‌ನಲ್ಲಿ ಪ್ರತಿ ಸುತ್ತಿನ ಫಲಿತಾಂಶವೂ ಡಿಸ್ಕ್‌ಗೆ ಹೋಗಿ ಮತ್ತೆ ಓದಿಸಿಕೊಂಡು ಬರಬೇಕು.