ಟ್ರ್ಯಾಕಿಂಗ್‌ನಲ್ಲಿ ‘ಡೆಲಿವರ್ಡ್’, ಮನೆಗೆ ಮಾತ್ರ ಪಾರ್ಸಲ್ ಬಂದಿಲ್ಲ

ಪುಣೆಯಿಂದ ಊರಿಗೆ ಬೆಲೆಬಾಳುವ ಸಾಮಾನು ಕೊರಿಯರ್ ಮಾಡುವವರು ದಯವಿಟ್ಟು ಇದನ್ನು ಓದಿ.

ಅಕ್ಕನ ಮಗಳ ಸೀಮಂತಕ್ಕೆಂದು ಲಕ್ಷ್ಮೀ ರಸ್ತೆಯಲ್ಲಿ ಎರಡು ಪೈಠಣಿ ಸೀರೆ ಕೊಂಡು, ಹಡಪ್ಸರ್‌ನ ಕೊರಿಯರ್ ಕೌಂಟರ್‌ನಿಂದ ಧಾರವಾಡಕ್ಕೆ ಕಳಿಸಿದೆ. ಬೆಲೆ 21,500 ರೂಪಾಯಿ. ಅದನ್ನು ಸ್ಲಿಪ್‌ನಲ್ಲಿ ಬರೆಸಿ, ಬಿಲ್ಲಿನ ಜೆರಾಕ್ಸ್ ಕೂಡ ಕೊಟ್ಟಿದ್ದೆ. ಚಾರ್ಜ್ 380 ರೂಪಾಯಿ. ಪಾರ್ಸಲ್ ಅಕ್ಕನ ಮನೆ ಮುಟ್ಟಲೇ ಇಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, “ಡೆಲಿವರಿ ಆಗಿದೆ ಸರ್” ಎಂದು ಹೇಳಿ ದೂರನ್ನೇ ಮುಚ್ಚಿಬಿಡುತ್ತಿದ್ದರು. ಆಗ ಪಿಒಡಿ, ಅಂದರೆ ಪಾರ್ಸಲ್ ಪಡೆದವರ ಸಹಿ ಇರುವ ಚೀಟಿ, ಕಳಿಸಿ ಎಂದು ಪಟ್ಟು ಹಿಡಿದೆ. ಬಂದ ಚೀಟಿಯಲ್ಲಿ ಯಾವುದೋ ಅಂಗಡಿಯ ಸೀಲು ಇತ್ತು. ಸಹಿ ನಮ್ಮವರದಲ್ಲ, ಫೋನ್ ನಂಬರೂ ಇಲ್ಲ. ಪಿಒಡಿ ಕೈಗೆ ಬರುವವರೆಗೂ ಅವರ ಮಾತೇ ಸತ್ಯ, ನೆನಪಿರಲಿ.

ಕೊನೆಗೆ ತಪ್ಪು ಒಪ್ಪಿದರು. ಆದರೆ ಕೊಡುತ್ತೇವೆ ಎಂದದ್ದು ಬರೀ 100 ರೂಪಾಯಿ! ಸ್ಲಿಪ್‌ನ ಹಿಂದೆ ಸಣ್ಣಕ್ಷರದಲ್ಲಿ ಹಾಗೇ ಅಚ್ಚಾಗಿದೆಯಂತೆ. ಇಂಥ ಷರತ್ತಿಗೆ ಗ್ರಾಹಕ ಸಹಿ ಹಾಕಿದ್ದ ಒಂದು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊರಿಯರ್ ಕಂಪನಿಯ ಪರ ನಿಂತಿತ್ತು. ಹಾಗಾಗಿ ಸಹಿ ಹಾಕುವ ಮೊದಲು ಹಿಂಬದಿ ಓದಿ. ನನ್ನ ಸ್ಲಿಪ್‌ನಲ್ಲಿ ನನ್ನ ಸಹಿ ಇರಲಿಲ್ಲ, ಮೇಲಾಗಿ ಬೆಲೆ ಬರೆಸಿದ್ದೆ. ಈ ಎರಡನ್ನೇ ಹಿಡಿದುಕೊಂಡು ದೂರು ಬರೆದೆ.

ದೂರನ್ನು ಕಂಪನಿಯ ಮುಖ್ಯ ಕಚೇರಿಗೆ ಇಮೇಲ್ ಮಾಡಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆ. ಸ್ಲಿಪ್ ನಂಬರ್, ಬುಕಿಂಗ್ ತಾರೀಖು, ತೂಕ, ಬೆಲೆ ಎಲ್ಲ ಮೊದಲ ಸಾಲುಗಳಲ್ಲೇ ಬರೆದೆ. ಆಮೇಲೆ ಕೇಳಿದ್ದು ಹೀಗೆ: “ಪಾರ್ಸಲ್ ಯಾವ ಹಬ್‌ನಲ್ಲಿ ಯಾವಾಗ ಸ್ಕ್ಯಾನ್ ಆಯಿತು, ಅಲ್ಲಲ್ಲಿ ತೂಕ ಎಷ್ಟಿತ್ತು, ಡೆಲಿವರಿಗೆ ಕೊಂಡೊಯ್ದವರು ಯಾರು ಎಂದು ತನಿಖೆ ಮಾಡಿ ಲಿಖಿತ ಉತ್ತರ ಕೊಡಿ. ಪಾರ್ಸಲ್ ಸಿಗದಿದ್ದರೆ ಈ ಪತ್ರ ತಲುಪಿದ 15 ದಿನದೊಳಗೆ ಸೀರೆಗಳ ಬೆಲೆ ಮತ್ತು ಚಾರ್ಜ್ ಸೇರಿ 21,880 ರೂಪಾಯಿ ಕೊಡಿ. ಇಲ್ಲದಿದ್ದರೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.”

ಸುಮ್ನೆ ‘ಬೇಗ ಪರಿಹಾರ ಕೊಡಿ’ ಎಂದರೆ ಯಾರೂ ಕದಲುವುದಿಲ್ಲ. ಮೊತ್ತ, ಗಡುವು ಎರಡೂ ಬರೆಯಲೇಬೇಕು. ಅವರು ‘ಹುಡುಕುತ್ತಿದ್ದೇವೆ’ ಎಂದಷ್ಟು ದಿನ ಕಾಯುತ್ತಾ ಕೂರಬೇಡಿ. ರಸ್ತೆ ಮೂಲಕ ಸಾಗುವ ಸರಕು ಕಳೆದರೆ, ದಾವೆ ಹೂಡುವ ಮುನ್ನ ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ. ನೀವು ಇರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಗಡುವಿನೊಳಗೆ ಅವರಿಂದ ಪತ್ರ ಬಂತು. ಪೂರ್ತಿ ಬೆಲೆ ಕೊಡುತ್ತಾರಂತೆ, ಆದರೆ ಮೊದಲು ‘ಹಣ ಪಡೆದಿದ್ದೇನೆ, ಇನ್ನೇನೂ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಕಂತೆ. ಹಣ ಖಾತೆಗೆ ಬಂದ ಮೇಲೆಯೇ ಸಹಿ ಎಂದು ಇಮೇಲ್ ಕಳಿಸಿದ್ದೇನೆ. ನಿಮಗೂ ಅಂಥ ಕಾಗದ ಬಂದರೆ ಮೊದಲೇ ಸಹಿ ಹಾಕಿ ಕೊಡಬೇಡಿ.