ಮೈನಸ್ ಶೇಷವನ್ನು ಸರಿಪಡಿಸುವ ದಾರಿಗಳು: ಓಡಿಸಿ ನೋಡಿದ ಹೋಲಿಕೆ

ಲೀಟ್‌ಕೋಡ್‌ನ 974ನೇ ಸಮಸ್ಯೆ ನೋಡಲು ಸಣ್ಣದು. ಒಂದು ಅರೇ, ಒಂದು k. ಮೊತ್ತವು k ಯಿಂದ ಪೂರ್ತಿ ಭಾಗವಾಗುವ ಸಬ್‌ಅರೇಗಳು ಎಷ್ಟು ಎಂದು ಹೇಳಬೇಕು. ಮೊದಲಿನಿಂದ ಒಂದೊಂದೇ ಸಂಖ್ಯೆ ಕೂಡುತ್ತ ಹೋಗಿ, ಪ್ರತಿ ಹಂತದ ಮೊತ್ತದ ಶೇಷವನ್ನು ಗುರುತು ಹಾಕಿಕೊಳ್ಳುತ್ತೇವೆ. ಎರಡು ಹಂತಗಳ ಶೇಷ ಒಂದೇ ಆಗಿದ್ದರೆ ಅವುಗಳ ನಡುವಿನ ತುಂಡು k ಯಿಂದ ಭಾಗವಾಗುತ್ತದೆ. ಏನನ್ನೂ ಕೂಡುವ ಮುಂಚಿನ ಸೊನ್ನೆಯೂ ಒಂದು ಹಂತವೇ. ಒಂದು ಶೇಷ m ಸಲ ಬಂದಿದ್ದರೆ ಅದರಿಂದ m(m-1)/2 ತುಂಡುಗಳು ಸಿಗುತ್ತವೆ. ಇಷ್ಟರವರೆಗೆ ಯಾರಿಗೂ ತಕರಾರಿಲ್ಲ.

ತಕರಾರು ಶುರುವಾಗುವುದು ಮೊತ್ತ ಸೊನ್ನೆಗಿಂತ ಕೆಳಗಿಳಿದಾಗ. ಸಿ++, ಜಾವಾ, ಗೋ, ರಸ್ಟ್, ಜಾವಾಸ್ಕ್ರಿಪ್ಟ್ ಇವೆಲ್ಲ -2 % 5 ಕೇಳಿದರೆ -2 ಎನ್ನುತ್ತವೆ. ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುವುದರಿಂದ ಅದು 0 ಆಗುತ್ತದೆ, ಉಳಿದದ್ದು -2. ಪೈಥಾನ್ ಮತ್ತು ರೂಬಿ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತವೆ. ಅಲ್ಲಿ ಭಾಗಲಬ್ಧ -1, ಶೇಷ 3. ನಮ್ಮ ಎಣಿಕೆಗೆ -2 ಮತ್ತು 3 ಒಂದೇ ಗುಂಪಿನವು. ಮೊದಲ ಸಾಲಿನ ಭಾಷೆಗಳಲ್ಲಿ ಅವು ಬೇರೆ ಬೇರೆ ಗುಂಪಾಗಿ ಕುಳಿತುಬಿಡುತ್ತವೆ.

ಸರಿಪಡಿಸುವ ದಾರಿಗಳನ್ನು ಅಳೆಯಲು ಈ ಅರೇ ಇಟ್ಟುಕೊಂಡೆ: [2, -4, 7, -5, -3, 3], k = 5. ಹಂತದ ಮೊತ್ತಗಳು 0, 2, -2, 5, 0, -3, 0. ಸರಿಯಾದ ಶೇಷಗಳು 0, 2, 3, 0, 0, 2, 0. ಸೊನ್ನೆ ನಾಲ್ಕು ಸಲ ಬಂದಿದೆ, ಅದರಿಂದ 6. 2 ಎರಡು ಸಲ ಬಂದಿದೆ, ಅದರಿಂದ 1. ಒಟ್ಟು 7. ಏನೂ ಸರಿಪಡಿಸದೆ ಜಾವಾದಲ್ಲಿ ಹ್ಯಾಶ್‌ಮ್ಯಾಪ್ ಹಾಕಿ ಓಡಿಸಿದರೆ ಬರುವುದು 6. 2 ಮತ್ತು -3 ಒಂದಾಗಲಿಲ್ಲ. ಹಾಗಾಗಿ -4, 7, -5, -3 ಎಂಬ ತುಂಡು (ಮೊತ್ತ -5) ಲೆಕ್ಕದಿಂದ ಜಾರಿಹೋಯಿತು.

ಈ ತಪ್ಪಿಗೆ ಒಂದು ಗುಣವಿದೆ: ಇದು ಕಡಿಮೆ ಎಣಿಸಬಹುದೇ ಹೊರತು ಹೆಚ್ಚು ಎಣಿಸುವುದಿಲ್ಲ. ಕತ್ತರಿಸಿದ ಶೇಷಗಳು ಒಂದೇ ಆಗಿದ್ದರೆ ವ್ಯತ್ಯಾಸ k ಯಿಂದ ಭಾಗವಾಗಿಯೇ ತೀರುತ್ತದೆ. ಹಾಗೆಯೇ ಹಂತದ ಮೊತ್ತ ಒಮ್ಮೆಯೂ ಸೊನ್ನೆಗಿಂತ ಕೆಳಗಿಳಿಯದಿದ್ದರೆ ತಪ್ಪು ತಲೆ ಎತ್ತುವುದೇ ಇಲ್ಲ. ಅರೇಯಲ್ಲಿ ಮೈನಸ್ ಸಂಖ್ಯೆ ಇದ್ದರೆ ಸಾಲದು, ಮೊತ್ತವೇ ಮೈನಸ್ ಆಗಬೇಕು.

974ರ ಜೊತೆ ಕೊಟ್ಟಿರುವ ಉದಾಹರಣೆಯನ್ನೇ ನೋಡಿ: [4, 5, 0, -2, -3, 1], k = 5, ಉತ್ತರ 7. ಎರಡು ಮೈನಸ್ ಸಂಖ್ಯೆಗಳಿವೆ. ಆದರೆ ಹಂತದ ಮೊತ್ತಗಳು 0, 4, 9, 9, 7, 4, 5. ಎಲ್ಲೂ ಕೆಳಗಿಳಿದಿಲ್ಲ. ಪೂರ್ತಿ ಮೊತ್ತ ಇಟ್ಟುಕೊಂಡು ಸಾಗುವ ತಪ್ಪು ಕೋಡ್ ಇಲ್ಲಿ ಸಲೀಸಾಗಿ 7 ಕೊಟ್ಟು ಪಾಸಾಗುತ್ತದೆ. ಅದೇ ಕೋಡನ್ನು ಶೇಷವನ್ನಷ್ಟೇ ಮುಂದಕ್ಕೆ ಒಯ್ಯುವಂತೆ, ಅಂದರೆ `r = (r + x) % k` ಎಂದು ಬರೆದರೆ ಚಿತ್ರ ಬದಲಾಗುತ್ತದೆ. ಶೇಷಗಳು 0, 4, 4, 4, 2 ಎಂದು ಸಾಗಿ, 2ಕ್ಕೆ -3 ಕೂಡಿದಾಗ -1 ಆಗುತ್ತವೆ, ಆಮೇಲೆ 0. ಹ್ಯಾಶ್‌ಮ್ಯಾಪ್ ಉತ್ತರ 4. ಎರಡೂ ಬರವಣಿಗೆಯಲ್ಲಿ ಇರುವುದು ಒಂದೇ ದೋಷ. ಒಂದು ಉದಾಹರಣೆಯಲ್ಲೇ ಸಿಕ್ಕಿಬೀಳುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಶೇಷವನ್ನು ಒಯ್ಯುವ ಬರವಣಿಗೆಯ ಕಡೆಗೆ ನಾನು ವಾಲಿದ್ದು ಇದನ್ನು ನೋಡಿದ ಮೇಲೆ. ಮೊತ್ತ ಉಕ್ಕಿ ಹರಿಯುವ ಭಯವೂ ಅದರಲ್ಲಿ ಕಡಿಮೆ.

ಇನ್ನು ದಾರಿಗಳಿಗೆ ಬರೋಣ. ಎಲ್ಲೆಡೆ ಕಣ್ಣಿಗೆ ಬೀಳುವುದು ಎರಡು ಸಲ ಶೇಷ ತೆಗೆಯುವ ಸೂತ್ರ:

```java
r = ((s % k) + k) % k;
```

ಒಂದೇ ಸಾಲು, ಕವಲಿಲ್ಲ, ನೆನಪಿಡಲು ಸುಲಭ. ನನ್ನ ಅರೇಗೆ 7 ಕೊಟ್ಟಿತು. ಇದರ ದೋಷ ಎರಡು. ಒಂದು, ಪ್ರತಿ ಹಂತಕ್ಕೂ ಎರಡು ಭಾಗಾಕಾರ. ಭಾಗಾಕಾರ ಪ್ರೊಸೆಸರ್‌ಗೆ ದುಬಾರಿ ಕೆಲಸ. ಆದರೆ 974ರಲ್ಲಿ ಅರೇಯ ಉದ್ದ ಹೆಚ್ಚೆಂದರೆ 30,000, ಅಷ್ಟಕ್ಕೆ ವ್ಯತ್ಯಾಸ ಯಾರ ಕಣ್ಣಿಗೂ ಕಾಣದು. ಎರಡನೆಯದು ನಿಜವಾದದ್ದು: ಮೊದಲ ಶೇಷ k-1 ತನಕ ಹೋಗಬಹುದು, ಅದಕ್ಕೆ k ಕೂಡಿದರೆ 2k-1. 32 ಬಿಟ್‌ನ ಇಂಟ್‌ನಲ್ಲಿ k ಯು 2^30 ದಾಟಿದರೆ ಈ ಕೂಡಿಕೆಯೇ ಉಕ್ಕುತ್ತದೆ. 974ರಲ್ಲಿ k ಹತ್ತು ಸಾವಿರದೊಳಗಿದೆ, ಚಿಂತೆಯಿಲ್ಲ. ಸೂತ್ರವನ್ನು ಬೇರೆ ಕಡೆಗೆ ಎತ್ತಿಕೊಂಡು ಹೋಗುವಾಗ ಮಾತ್ರ ಇದು ಕಚ್ಚುತ್ತದೆ.

ಎರಡನೆಯ ದಾರಿ ಬರೇ ಒಂದು ಷರತ್ತು:

```java
r = s % k;
if (r < 0) r += k;
```

ಒಂದೇ ಭಾಗಾಕಾರ. ಮೈನಸ್ ಸಂಖ್ಯೆಗೆ ಮಾತ್ರ k ಕೂಡುವುದರಿಂದ ಉಕ್ಕುವ ಪ್ರಶ್ನೆಯೇ ಇಲ್ಲ. ಓದುವವರಿಗೂ ಏನು ನಡೆಯುತ್ತಿದೆ ಎಂಬುದು ನೇರವಾಗಿ ಕಾಣುತ್ತದೆ. ಮೊದಲನೆಯದು ಚುಟುಕಾಗಿದೆ ಎಂದು ಮೆಚ್ಚುವವರು ಬಹಳ. ನನಗೆ ಈ ಎರಡು ಸಾಲೇ ಮೇಲು.

ಮೂರನೆಯದು ಭಾಷೆಯೇ ಕೊಟ್ಟಿರುವ ಸಾಧನ. ಜಾವಾ 8ರಿಂದ `Math.floorMod(s, k)` ಇದೆ, ರಸ್ಟ್‌ನಲ್ಲಿ `s.rem_euclid(k)`, ಕಾಟ್ಲಿನ್ 1.5ರಿಂದ `s.mod(k)`. ಉದ್ದೇಶ ಹೆಸರಲ್ಲೇ ಇದೆ, ಹಾಗಾಗಿ ತಂಡದ ಕೋಡ್‌ನಲ್ಲಿ ಇದನ್ನೇ ಬಳಸುತ್ತೇನೆ. ಇವೆಲ್ಲ ಒಂದೇ ಎಂದುಕೊಳ್ಳಬೇಡಿ: k ಮೈನಸ್ ಆದರೆ ಜಾವಾದ್ದು k ಯ ಚಿಹ್ನೆ ಹಿಡಿಯುತ್ತದೆ, ರಸ್ಟ್‌ನದ್ದು ಯಾವಾಗಲೂ ಸೊನ್ನೆ ಅಥವಾ ಅದಕ್ಕಿಂತ ಮೇಲೆ. ನಮ್ಮ ಸಮಸ್ಯೆಯಲ್ಲಿ k ಧನ ಸಂಖ್ಯೆಯೇ, ಆದ್ದರಿಂದ ಇದು ಪಕ್ಕದ ಮಾತು. ಸಿ++ನಲ್ಲಿ ಪೂರ್ಣಾಂಕಗಳಿಗೆ ಇಂಥದ್ದು ಸಿದ್ಧವಾಗಿಲ್ಲ, ಎರಡನೆಯ ದಾರಿಗೇ ಮರಳಬೇಕು.

ನಾಲ್ಕನೆಯದು ಸ್ಪರ್ಧೆಯವರ ಚಮತ್ಕಾರ. ಮೊತ್ತವನ್ನು ಸೊನ್ನೆಯಿಂದ ಶುರುಮಾಡುವ ಬದಲು k ಯ ದೊಡ್ಡ ಗುಣಕದಿಂದ ಶುರುಮಾಡುವುದು. 974ರಲ್ಲಿ ಮೊತ್ತ -30 ಕೋಟಿಗಿಂತ ಕೆಳಗೆ ಹೋಗಲಾರದು. ಹಾಗಾಗಿ ಆರಂಭದ ಮೊತ್ತ 64 ಬಿಟ್‌ನಲ್ಲಿ k × 30 ಕೋಟಿ ಇದ್ದರೆ ಅದು ಎಂದೂ ಮೈನಸ್ ಆಗುವುದಿಲ್ಲ, ಶೇಷವೂ ಕೆಡುವುದಿಲ್ಲ. ಕೆಲಸ ಮಾಡುತ್ತದೆ, ನಿಜ. ಆದರೆ ಇನ್‌ಪುಟ್‌ನ ಮಿತಿ ಬದಲಾದ ದಿನ ಸದ್ದಿಲ್ಲದೆ ಮುರಿಯುತ್ತದೆ. ನಾನು ಕೈಬಿಟ್ಟೆ.

ಐದನೆಯದನ್ನು ಯಾರೂ ಬೇಕೆಂದು ಆರಿಸುವುದಿಲ್ಲ, ಅದು ತಾನಾಗಿ ಬಂದು ಸೇರಿಕೊಳ್ಳುತ್ತದೆ. ಸಿಎಸ್‌ಇಎಸ್ ಸಮಸ್ಯೆಗಳ ಸಂಗ್ರಹದಲ್ಲಿ ಇದರದೇ ತಮ್ಮನಂಥ ಸಮಸ್ಯೆಯಿದೆ, ಅಲ್ಲಿ ತುಂಡಿನ ಮೊತ್ತವು ಅರೇಯ ಉದ್ದವಾದ n ಯಿಂದಲೇ ಭಾಗವಾಗಬೇಕು. ಸಿ++ನಲ್ಲಿ ಬರೆಯುವವರ ಬೆರಳು ಸಹಜವಾಗಿ ಇಲ್ಲಿಗೆ ಹೋಗುತ್ತದೆ:

```cpp
long long r = s % a.size();
```

`size()` ಕೊಡುವುದು ಚಿಹ್ನೆಯಿಲ್ಲದ ಸಂಖ್ಯೆ. ಅದರ ಜೊತೆ ಸೇರಿದಾಗ s ಕೂಡ ಚಿಹ್ನೆ ಕಳೆದುಕೊಂಡು 2^64 + s ಆಗುತ್ತದೆ. 64 ಬಿಟ್ ಯಂತ್ರದಲ್ಲಿ ಉದ್ದ 5 ಇದ್ದಾಗ, -2ರ ಶೇಷ 3 ಬರಬೇಕಾದಲ್ಲಿ 4 ಬರುತ್ತದೆ. ಏಕೆಂದರೆ 2^64 ಅನ್ನು 5ರಿಂದ ಭಾಗಿಸಿದರೆ 1 ಉಳಿಯುತ್ತದೆ, 1ರಿಂದ 2 ಕಳೆದರೆ -1, ಅಂದರೆ 4. ಶೇಷ ಮೈನಸ್ ಅಲ್ಲ, ಇಂಡೆಕ್ಸ್ ಮಿತಿಯೊಳಗೇ ಇದೆ, ಪ್ರೋಗ್ರಾಂ ಬೀಳುವುದಿಲ್ಲ, `if (r < 0)` ಎಂಬ ಮದ್ದು ಮುಟ್ಟುವುದೂ ಇಲ್ಲ. ಮೊದಲು ಹೇಳಿದ ತಪ್ಪು ಕಡಿಮೆ ಮಾತ್ರ ಎಣಿಸುತ್ತಿತ್ತು. ಇದು ಹೆಚ್ಚೂ ಎಣಿಸುತ್ತದೆ: 4 ಮತ್ತು -2ರ ವ್ಯತ್ಯಾಸ 6, ಆದರೂ ಎರಡೂ ಒಂದೇ ಗುಂಪಿಗೆ ಬೀಳುತ್ತವೆ. ಉದ್ದ 4, 8, 16 ಹೀಗೆ ಎರಡರ ಘಾತವಾಗಿದ್ದರೆ ಮಾತ್ರ ಉತ್ತರ ಯಾವಾಗಲೂ ಸರಿ, ಏಕೆಂದರೆ 2^64 ಅವುಗಳಿಂದ ಪೂರ್ತಿ ಭಾಗವಾಗುತ್ತದೆ. ಎಂಟು ಸಂಖ್ಯೆಗಳ ಅರೇ ಹಾಕಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. `long long n = a.size();` ಎಂದು ಮೊದಲೇ ಬೇರೆ ಮಾಡಿಟ್ಟುಕೊಂಡರೆ ಪೀಡೆ ತೊಲಗುತ್ತದೆ, ಆಮೇಲೆ ಷರತ್ತು ಕೆಲಸ ಮಾಡುತ್ತದೆ.

ಎಣಿಕೆ ಇಡುವ ಪಾತ್ರೆಯ ಆಯ್ಕೆಯೂ ಇದಕ್ಕೆ ತಳುಕು ಹಾಕಿಕೊಂಡಿದೆ. ಹ್ಯಾಶ್‌ಮ್ಯಾಪ್ -2ನ್ನೂ ಒಂದು ಕೀ ಎಂದು ಒಪ್ಪಿಕೊಂಡು ತಪ್ಪು ಉತ್ತರ ಕೊಡುತ್ತದೆ. k ಉದ್ದದ ಅರೇ ಇದ್ದರೆ ಜಾವಾದಲ್ಲಿ ತಕ್ಷಣ `ArrayIndexOutOfBoundsException`, ಗೋದಲ್ಲಿ ಪ್ಯಾನಿಕ್. ಜಾವಾಸ್ಕ್ರಿಪ್ಟ್‌ನಲ್ಲಿ ಇಲ್ಲದ ಜಾಗದ ಬೆಲೆ ಕೂಡಿ ಉತ್ತರವೇ `NaN` ಆಗುತ್ತದೆ. ಸಿ++ನ ವೆಕ್ಟರ್ ಮಾತ್ರ ಚೌಕ ಆವರಣದಲ್ಲಿ ಏನು ಬೇಕಾದರೂ ಮಾಡಬಹುದು. `at()` ಬಳಸಿದರೆ ಅದೂ ಕೂಗಿಕೊಳ್ಳುತ್ತದೆ. k ಸಣ್ಣದಿರುವಾಗ ಅರೇಯೇ ವೇಗ, ಅದಕ್ಕಿಂತ ಮುಖ್ಯವಾಗಿ ಶೇಷ ಸರಿಪಡಿಸಲು ಮರೆತರೆ ಅದು ಬಾಯಿ ಮುಚ್ಚಿಕೊಂಡಿರುವುದಿಲ್ಲ. k ಕೋಟಿಗಳಲ್ಲಿದ್ದರೆ ಮಾತ್ರ ಮ್ಯಾಪ್.

ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡಲು ಎರಡು ಲೂಪಿನ ನಿಧಾನದ ಕೋಡ್ ಸಾಕು. ಪ್ರತಿ ತುಂಡಿನ ಮೊತ್ತ ತೆಗೆದು `sum % k == 0` ಎಂದು ಕೇಳುವ ಆ ಕೋಡ್‌ಗೆ ಮೈನಸ್ ರೋಗ ತಾಗುವುದಿಲ್ಲ, ಏಕೆಂದರೆ ಶೇಷ ಸೊನ್ನೆಯೇ ಎಂಬ ಪ್ರಶ್ನೆಗೆ ಎರಡೂ ಬಗೆಯ ಭಾಷೆಗಳ ಉತ್ತರ ಒಂದೇ. -9ರಿಂದ 9ರೊಳಗಿನ ಸಂಖ್ಯೆಗಳ ಪುಟ್ಟ ಅರೇಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸಿ, k ಗೆ 3, 5, 6, 7 ಕೊಟ್ಟು ಎರಡನ್ನೂ ಓಡಿಸಿದರೆ ಮೇಲಿನ ತಪ್ಪುಗಳು ಬೇಗ ಹೊರಬೀಳುತ್ತವೆ. ಅರೇಯ ಮೊದಲ ಸಂಖ್ಯೆ ಮೈನಸ್ ಇದ್ದರೆ ಇನ್ನೂ ಬೇಗ. ಸಿಎಸ್‌ಇಎಸ್‌ನಂಥ ಕಡೆ k ಗೆ ಬದಲಾಗಿ ಅರೇಯ ಉದ್ದವನ್ನೇ ಹೀಗೆ ಆರಿಸಬೇಕು.

ಕೊನೆಗೆ ನನ್ನ ಬಳಿ ಉಳಿದ ಜಾವಾ ಕೋಡ್ ಇದು:

```java
long ans = 0;
int[] cnt = new int[k];
cnt[0] = 1;
int r = 0;
for (int x : nums) {
    r = (r + x) % k;
    if (r < 0) r += k;
    ans += cnt[r]++;
}
```

`ans` ಅನ್ನು ಲಾಂಗ್ ಮಾಡಿದ್ದಕ್ಕೆ ಕಾರಣವಿದೆ. ಎಲ್ಲವೂ ಸೊನ್ನೆಯಾಗಿರುವ 30,000 ಸಂಖ್ಯೆಗಳಿಗೆ ಉತ್ತರ 45,00,15,000, ಇಂಟ್‌ಗೆ ಹಿಡಿಸುತ್ತದೆ. ಸಿಎಸ್‌ಇಎಸ್‌ನಲ್ಲಿ ಉದ್ದ ಎರಡು ಲಕ್ಷದ ತನಕ ಹೋಗುತ್ತದೆ, ಅಲ್ಲಿ ಉತ್ತರ ಎರಡು ಸಾವಿರ ಕೋಟಿ ದಾಟಬಹುದು, ಇಂಟ್ ಸಾಲದು. ಅಲ್ಲಿ ಒಂದೊಂದು ಸಂಖ್ಯೆಯೂ ನೂರು ಕೋಟಿಯವರೆಗೆ ಇರಬಹುದು, ಆದರೂ `r + x` ಇಂಟ್‌ನೊಳಗೇ ಇರುತ್ತದೆ, ಏಕೆಂದರೆ r ಎಂದೂ k ಯನ್ನು ಮುಟ್ಟುವುದಿಲ್ಲ.